ಬಾಡಿಗೆದಾರರು ಮೂರ್ನಾಲ್ಕು ತಿಂಗಳು ಬಾಡಿಗೆ ಕಡಿಮೆ ಮಾಡಿ ಅಂತ ಕೇಳಿದ್ದಾರೆ. ಉತ್ತರ ಹೇಗೆ ಬರೆಯಲಿ?

ಹೊಸಂಗಡಿ ಟೀಚರ್

ಎಲ್ಲರಿಗೂ ನಮಸ್ಕಾರ. ಹೊಸಂಗಡಿಯಲ್ಲಿ ನಮ್ಮ ಮನೆ. ಕೆಳಗೆ ನಾನೊಬ್ಬಳೇ ಇರುವುದು. ಮೇಲಿನ ಮಹಡಿಯಲ್ಲಿ ಮೂರು ವರ್ಷದಿಂದ ಒಂದು ಸಂಸಾರ ಬಾಡಿಗೆಗೆ ಇದೆ. ಗಂಡ ದಿನಾ ಬೆಳಿಗ್ಗೆ ಮಂಜೇಶ್ವರದಿಂದ ರೈಲು ಹತ್ತಿ ಮಂಗಳೂರಿಗೆ ಹೋಗಿ, ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಿದ್ದ. ಜೂನ್ ಕೊನೆಗೆ ಆ ಅಂಗಡಿ ಮುಚ್ಚಿತು. ಹೆಂಡತಿ ರವಿಕೆ ಹೊಲಿಯುತ್ತಾಳೆ. ಮಗು ನಾಲ್ಕನೇ ಕ್ಲಾಸು.

ಬಾಡಿಗೆ 8,500 ರೂಪಾಯಿ, ಅಡ್ವಾನ್ಸ್ 30,000. ಇಷ್ಟು ದಿನ ಒಂದು ತಿಂಗಳೂ 5ನೇ ತಾರೀಕು ದಾಟಿಸಿದವರಲ್ಲ. ಮೊನ್ನೆ ಮಗುವಿನ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದು ಕೊಟ್ಟ: "ಟೀಚರ್, ದೀಪಾವಳಿಯ ತನಕ ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಡಬೇಕು. ಕೆಲಸ ಸಿಕ್ಕಿದ ಕೂಡಲೇ ಸರಿ ಮಾಡುತ್ತೇನೆ." ಕೊಟ್ಟವನು ಕೂರಲೂ ಇಲ್ಲ, ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಬಾಯಲ್ಲಿ ಹೇಳಲು ಅವನಿಗೆ ಆಗಲಿಲ್ಲ ಅಂತ ಕಾಣುತ್ತದೆ.

ನನ್ನ ಕಡೆಯ ವಿಷಯವನ್ನೂ ಹೇಳಬೇಕು. ಮಹಡಿ ಕಟ್ಟಿಸಿದ್ದು ಸಾಲ ಮಾಡಿ. ತಿಂಗಳಿಗೆ 5,200 ಕಂತು ಹೋಗುತ್ತದೆ. ಪಿಂಚಣಿಯಲ್ಲಿ ಮನೆ ನಡೆಯುತ್ತದೆ, ಮದ್ದಿಗೂ ಅದರಿಂದಲೇ. ಪೂರ್ತಿ ಬಿಟ್ಟುಕೊಡಲು ನನ್ನಿಂದ ಆಗದು. ಆದರೆ ಅವರನ್ನು ಕಳಿಸುವ ಮನಸ್ಸು ಖಂಡಿತ ಇಲ್ಲ.

ನಾನು ಬರೆದಿಟ್ಟ ಉತ್ತರ ಇದು: "ಮಗಾ, ನಿನ್ನ ಕಷ್ಟ ಗೊತ್ತಾಯಿತು. ಕೈಯಲ್ಲಿ ಆದಷ್ಟು ಕೊಡು. ಉಳಿದದ್ದು ಆಮೇಲೆ ನೋಡುವ." ಇಷ್ಟು ಸಾಕಾ? ಕೊಡುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು.

ಉಪ್ಪಳ ಅಂಗಡಿ

ಟೀಚರ್, ನಿಮ್ಮಂಥವರು ಎಲ್ಲಾ ಕಡೆ ಸಿಗುವುದಿಲ್ಲ. ನನ್ನ ಕಥೆ ಕೇಳಿ. ಹೆದ್ದಾರಿ ಆರು ಪಥ ಮಾಡುವ ಕೆಲಸ ನಡೆಯುವಾಗ ನನ್ನ ಅಂಗಡಿಯ ಎದುರು ಅಗೆದು ಹಾಕಿದ್ದರು. ಗಿರಾಕಿ ಬರಬೇಕಾದರೆ ಸುತ್ತು ಹಾಕಬೇಕು. ವ್ಯಾಪಾರ ಅರ್ಧಕ್ಕೆ ಇಳಿಯಿತು. ಕಟ್ಟಡದ ಧಣಿಯನ್ನು ಕೇಳಿದೆ. ಅವರು ಆಗುತ್ತದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ನಾಲ್ಕು ತಿಂಗಳು ಕಡಿಮೆ ಕೊಟ್ಟೆ, ಸುಮ್ನೆ ತೆಗೆದುಕೊಂಡರು. ಐದನೇ ತಿಂಗಳು ಒಟ್ಟಿಗೆ ಬಾಕಿ ಕೇಳಿದರು. ಇಲ್ಲ ಅಂತ ನೇರ ಹೇಳಿದ್ದರೆ ನಾನು ಮೊದಲೇ ಬೇರೆ ದಾರಿ ನೋಡುತ್ತಿದ್ದೆ. ಹಾಗಾಗಿ ಏನು ಬರೆದರೂ ಬಿಡಿಸಿ ಬರೆಯಿರಿ.

ಹೊಸೂರು ಮಂಜು

ಮೊದಲು ಒಂದು ಪ್ರಶ್ನೆ. ಅಗ್ರಿಮೆಂಟನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಿದ್ದೀರಾ? ಇಲ್ಲದಿದ್ದರೆ ನೀವು ಏನು ಬರೆದರೂ ನಿಲ್ಲುವುದಿಲ್ಲ. ಇನ್ನೊಂದು, ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಇರುವ ಹಾಗಿಲ್ಲ. ನಿಮ್ಮದು ಮೂರು ತಿಂಗಳಿಗೆ 25,500 ಆಗುತ್ತದೆ. 4,500 ಜಾಸ್ತಿ ಇಟ್ಟುಕೊಂಡಿದ್ದೀರಿ. ಅದನ್ನೇ ಮೊದಲು ಬಾಡಿಗೆಗೆ ಮುರಿದುಕೊಳ್ಳಿ.

ಪೆರ್ಲದ ಗುಮಾಸ್ತ

ಮಂಜು ಅವರು ಹೇಳಿದ್ದು ತಮಿಳುನಾಡಿನ 2017ರ ಕಾಯ್ದೆಯ ಮಾತು. ಹೊಸೂರಿಗೆ ಸರಿ, ಹೊಸಂಗಡಿಗೆ ಅಲ್ಲ. ಕೇರಳದಲ್ಲಿ ಇರುವುದು 1965ರ ಬಾಡಿಗೆ ನಿಯಂತ್ರಣ ಕಾಯ್ದೆ, ಅದೂ ಸರಕಾರ ಅಧಿಸೂಚನೆ ಹೊರಡಿಸಿದ ಊರುಗಳಿಗೆ ಮಾತ್ರ. ಟೀಚರ ಪಂಚಾಯತು ಅದರಲ್ಲಿ ಇದೆಯೋ ಅಂತ ಕಾಸರಗೋಡಿನ ಯಾವ ವಕೀಲರಾದರೂ ಹೇಳಿಯಾರು. ಆದರೆ ಈಗಿನ ಉತ್ತರಕ್ಕೆ ಅದು ಮುಖ್ಯ ಅಲ್ಲ.

ನಾನು ಮೂವತ್ತು ವರ್ಷ ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಬಾಡಿಗೆ ತಕರಾರಿನ ಕಡತ ಎಷ್ಟು ಹೊಲಿದಿದ್ದೇನೆ ಅಂತ ಲೆಕ್ಕ ಇಲ್ಲ. ಟೀಚರ್, ನಿಮ್ಮ ಉತ್ತರದಲ್ಲಿ ಅಪಾಯ ಇರುವುದು ಎರಡೇ ಮಾತಿನಲ್ಲಿ. "ಆಮೇಲೆ ನೋಡುವ." ಅದನ್ನು ಓದಿದ ಅವನಿಗೆ ಉಳಿದದ್ದನ್ನು ಟೀಚರ್ ಬಿಟ್ಟರು ಅಂತ ಅನಿಸುತ್ತದೆ. ಬರೆದ ನಿಮ್ಮ ಮನಸ್ಸಿನಲ್ಲಿ ಅದು ಮುಂದೆ ಕೊಡಬೇಕಾದ ಹಣ. ಇಬ್ಬರೂ ಒಳ್ಳೆಯವರೇ. ಆರು ತಿಂಗಳು ಕಳೆದ ಮೇಲೆ ಇಬ್ಬರಿಗೂ ಮೋಸ ಆಯಿತು ಅಂತ ಕಾಣುತ್ತದೆ.

ನಮ್ಮ ಆಫೀಸಿಗೆ ಬಂದ ಒಂದು ಕೇಸು ಹೀಗೇ ಆಗಿತ್ತು. ಬಾಡಿಗೆ 8,000. ಧಣಿ ಫೋನಿನಲ್ಲಿ "ಸದ್ಯ 5,000 ಸಾಕು" ಅಂತ ಮೆಸೇಜು ಹಾಕಿದ್ದರು. "ಸದ್ಯ" ಅಂದರೆ ಎಷ್ಟು ದಿನ? ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ತಿಂಗಳಿಗೆ 3,000ದಂತೆ 42,000 ಬಾಕಿ ಅಂತ ಧಣಿ. ಒಂದು ಪೈಸೆಯೂ ಬಾಕಿ ಇಲ್ಲ ಅಂತ ಬಾಡಿಗೆಯವರು. ರಶೀದಿಯಲ್ಲಿ ಬರೀ "ಬಾಡಿಗೆ ಬಾಬ್ತು" ಅಂತ ಇತ್ತು. ಕೊನೆಗೆ 20,000ಕ್ಕೆ ರಾಜಿ ಆಯಿತು. ಮಾತು ಮಾತ್ರ ಮತ್ತೆ ಸೇರಲಿಲ್ಲ.

ಕರಾರು ಕಾಯ್ದೆಯ 63ನೇ ಕಲಮು ನಿಮ್ಮಂಥವರಿಗಾಗಿಯೇ ಇರುವುದು. ಬರಬೇಕಾದ ಹಣದಲ್ಲಿ ಒಂದು ಪಾಲನ್ನು ಬಿಡಬಹುದು, ಅಥವಾ ಕೊಡುವ ವಾಯಿದೆಯನ್ನು ಮುಂದೆ ಹಾಕಬಹುದು. ಬದಲಿಗೆ ಏನೂ ಪಡೆಯಬೇಕಾಗಿಲ್ಲ. ಆದರೆ ಒಮ್ಮೆ ಬಿಟ್ಟೆ ಅಂತ ಹೇಳಿದರೆ ಬಿಟ್ಟ ಹಾಗೆಯೇ. ನಾಳೆ ಸಿಟ್ಟು ಬಂತು ಅಂತ ವಾಪಸು ಕೇಳಲು ಬರುವುದಿಲ್ಲ. ಅದಕ್ಕೇ ಎಷ್ಟು ಬಿಟ್ಟೆ, ಎಷ್ಟನ್ನು ಮುಂದೆ ಹಾಕಿದೆ ಅಂತ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಹೊಸಂಗಡಿ ಟೀಚರ್

ಗುಮಾಸ್ತರೇ, ನೀವು ಹೇಳಿದ ಮೇಲೆ ನನ್ನದೇ ಉತ್ತರವನ್ನು ಇನ್ನೊಮ್ಮೆ ಓದಿದೆ. ನಿಜ ಹೇಳಬೇಕಾದರೆ, ಬಿಡುವುದಾ ಮುಂದೆ ಹಾಕುವುದಾ ಅಂತ ನಾನೇ ಯೋಚಿಸಿರಲಿಲ್ಲ.

ನೀರ್ಚಾಲು ಪ್ರಸಾದ

ಇಷ್ಟೆಲ್ಲ ಯಾಕೆ? ಹನ್ನೊಂದು ತಿಂಗಳ ಅಗ್ರಿಮೆಂಟು ಅಲ್ವಾ? ಅವಧಿ ಮುಗಿದ ದಿನ ಹೊರಡಲು ಹೇಳಿ. ಹೊರಡದಿದ್ದರೆ ನೀರಿನ ಮೋಟರ್ ಸ್ವಿಚ್ಚು ನಿಮ್ಮ ಕೈಯಲ್ಲೇ ಇದೆಯಲ್ಲ.

ಪೆರ್ಲದ ಗುಮಾಸ್ತ

ಪ್ರಸಾದರೇ, ಆ ಸ್ವಿಚ್ಚಿನ ತಂಟೆಗೆ ಹೋಗಬಾರದು. ಕೇರಳದ ಕಾಯ್ದೆಯ 13ನೇ ಕಲಮಿನಲ್ಲಿ ಅದನ್ನೇ ಹೇಳಿದ್ದಾರೆ. ಬಾಡಿಗೆಯವರು ಅನುಭವಿಸುತ್ತಿರುವ ನೀರು, ಕರೆಂಟನ್ನು ಮಾಲೀಕರು ತಡೆಯುವ ಹಾಗಿಲ್ಲ. ಇನ್ನು ಹನ್ನೊಂದು ತಿಂಗಳು ಮುಗಿದರೆ ತಾನಾಗಿ ಖಾಲಿ ಮಾಡಿಸಬಹುದು ಅನ್ನುವುದು ಅರ್ಧ ಸತ್ಯ. ಕಾಯ್ದೆ ಇರುವ ಊರಿನಲ್ಲಿ 11ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದಾದರೂ ಬೇಕು. ಬಾಡಿಗೆ ಬಾಕಿ ಒಂದು ಕಾರಣ. ಅದಕ್ಕೂ ಮೊದಲು ರಿಜಿಸ್ಟರ್ಡ್ ನೋಟಿಸು ಕಳಿಸಬೇಕು. ನೋಟಿಸು ಸಿಕ್ಕಿ 15 ದಿನದೊಳಗೆ ಬಾಕಿಯನ್ನು ವರ್ಷಕ್ಕೆ ನೂರಕ್ಕೆ 6ರ ಬಡ್ಡಿ ಮತ್ತು ಅಂಚೆ ಖರ್ಚಿನ ಜೊತೆ ಕಟ್ಟಲು ಅವರಿಗೆ ಅವಕಾಶ ಇದೆ.

ಟೀಚರ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ಬಿಟ್ಟುಕೊಟ್ಟ ಹಣ ಬಾಕಿಯೇ ಅಲ್ಲ. ಮುಂದೆ ಹಾಕಿದ ಹಣವೂ ಹೇಳಿದ ತಾರೀಕು ಬರುವ ತನಕ ಬಾಕಿ ಅಲ್ಲ. ಬರವಣಿಗೆ ಇದ್ದರೆ ಬಾಡಿಗೆಯವನಿಗೆ ನೆಮ್ಮದಿ ನಿದ್ದೆ ಬರುತ್ತದೆ. ತಾರೀಕು ದಾಟಿದರೆ ಕೇಳುವ ಹಕ್ಕು ಟೀಚರಿಗೂ ಉಳಿಯುತ್ತದೆ.

ಬದಿಯಡ್ಕ ಶ್ರೀಧರ

ಟೀಚರ್, ನಿಮ್ಮ ಕೆಲಸ ಹೋದದ್ದಕ್ಕೆ ಬೇಸರ ಆಯಿತು. ಮಾಲೀಕರ ಹತ್ತಿರ ಎದುರಿಗೇ ಕೂತು ಮಾತಾಡಿ, ಪತ್ರ ಬರೆಯಬೇಡಿ. ಪತ್ರ ಬರೆದರೆ ಅವರು ಗಟ್ಟಿಯಾಗುತ್ತಾರೆ.

ಕುಂಬಳೆ ಶಾಲಿನಿ

ಶ್ರೀಧರಣ್ಣ, ಕೆಲಸ ಹೋದದ್ದು ಬಾಡಿಗೆಯವರಿಗೆ. ಟೀಚರ್ ಮಾಲೀಕರು. ಆದರೂ ನಿಮ್ಮ ಮಾತಿನಲ್ಲಿ ಒಂದು ವಿಷಯ ಇದೆ. ಬರೀ ಕಾಗದ ಕೊಟ್ಟರೆ ನೋಟಿಸು ಬಂದ ಹಾಗೆ ಆಗುತ್ತದೆ. ನಾನು ಹನ್ನೆರಡು ವರ್ಷ ಬಾಡಿಗೆ ಮನೆಯಲ್ಲೇ ಇದ್ದವಳು. ಮೊದಲು ಮೇಲೆ ಹೋಗಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ. ಆಮೇಲೆ ಕಾಗದ ಕೊಡಿ. ಹೆಂಡತಿಯೂ ಇರಲೇಬೇಕು. ಮನೆ ನಡೆಸುವವಳು ಅವಳು, ಹೊಲಿಗೆಯ ಹಣ ಎಷ್ಟು ಬರುತ್ತದೆ ಅಂತ ಗೊತ್ತಿರುವುದೂ ಅವಳಿಗೇ.

ಇನ್ನೊಂದು. "ಆದಷ್ಟು ಕೊಡು" ಅನ್ನಬೇಡಿ, ದಯವಿಟ್ಟು. ಕೇಳಿದವರಿಗೆ ಅದು ಎಷ್ಟು ಕಷ್ಟ ಅಂತ ಕೊಡುವವರಿಗೆ ಗೊತ್ತಾಗುವುದಿಲ್ಲ. ಪ್ರತಿ ತಿಂಗಳು 4ನೇ ತಾರೀಕಿನ ರಾತ್ರಿ ನಾವು ಎಷ್ಟು ಕೊಟ್ಟರೆ ಮರ್ಯಾದೆ ಅಂತ ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆವು. ಮೆಟ್ಟಿಲಲ್ಲಿ ಧಣಿ ಸಿಕ್ಕಿದರೆ ಮುಖ ತಪ್ಪಿಸುವುದು. ಒಂದು ಅಂಕಿ ಹೇಳಿ. ಅಷ್ಟು ಕೊಟ್ಟರೆ ಈ ತಿಂಗಳ ಮಟ್ಟಿಗೆ ಮುಗಿಯಿತು ಅಂತ ಇರಬೇಕು.

ಹೊಸಂಗಡಿ ಟೀಚರ್

ಶಾಲಿನಿ, ನಿನ್ನ ಮಾತು ಮನಸ್ಸಿಗೆ ತಟ್ಟಿತು. ಹಾಗಾದರೆ ಎಷ್ಟು ಅಂತ ಬರೆಯುವುದು? ಅರ್ಧ ಮಾಡಿದರೆ 4,250. ಸಾಲದ ಕಂತಿಗೂ ಸಾಲದು.

ಪೆರ್ಲದ ಗುಮಾಸ್ತ

ಅರ್ಧ, ಕಾಲು ಅಂತ ಲೆಕ್ಕ ಹಾಕಬೇಡಿ. ಎರಡು ಕಡೆಯಿಂದ ನೋಡಿ. ನಿಮ್ಮ ಕಂತು 5,200, ಅದಕ್ಕಿಂತ ಕೆಳಗೆ ಇಳಿದರೆ ನೀವೇ ಇನ್ನೊಬ್ಬರ ಹತ್ತಿರ ವಾಯಿದೆ ಕೇಳಬೇಕಾಗುತ್ತದೆ. ಆಮೇಲೆ ಅವರ ಹತ್ತಿರ ಕೇಳಿ, ಸಂಬಳ ಇಲ್ಲದೆ ತಿಂಗಳಿಗೆ ಖಂಡಿತವಾಗಿ ಎಷ್ಟು ಹೊಂದಿಸಬಹುದು ಅಂತ. ಅವರು ಹೇಳುವುದು 5,200ಕ್ಕಿಂತ ಮೇಲೆ ಇದ್ದರೆ ಒಂದು ದಾರಿ ಇದೆ. 2,000 ಅಂತ ಹೇಳಿದರೆ ರಿಯಾಯಿತಿಯಿಂದ ಆಗುವ ಕೆಲಸ ಅಲ್ಲ. ಆಗ ಸಣ್ಣ ಮನೆಗೆ ಹೋಗುವ ಬಗ್ಗೆಯೇ ಸಮಾಧಾನದಿಂದ ಮಾತಾಡಬೇಕು. ಆಗದ ಅಂಕಿಗೆ ಒಪ್ಪಿಸಿದರೆ ಎರಡನೇ ತಿಂಗಳಿಗೇ ತಪ್ಪುತ್ತದೆ.

ಇನ್ನು ಆ "ದೀಪಾವಳಿಯ ತನಕ". ಅದನ್ನು ತಿಂಗಳ ಹೆಸರು ಹಾಕಿ ಬರೆಯಿರಿ. ಹಬ್ಬ ಒಂದು ವರ್ಷ ಅಕ್ಟೋಬರಿನಲ್ಲಿ ಬರುತ್ತದೆ, ಇನ್ನೊಂದು ವರ್ಷ ನವೆಂಬರಿನಲ್ಲಿ. ಅಗ್ರಿಮೆಂಟು ಎಂದು ಮುಗಿಯುತ್ತದೆ?

ಹೊಸಂಗಡಿ ಟೀಚರ್

ಅಕ್ಟೋಬರ್ 31ಕ್ಕೆ. ಇವತ್ತು ಮೇಲೆ ಹೋಗಿ ಮಾತಾಡಿ ಬಂದೆ. ಹೆಂಡತಿ ಹೊಲಿಗೆಯ ಪುಸ್ತಕ ತೆರೆದು ತೋರಿಸಿದಳು. ಆಟಿ ತಿಂಗಳಲ್ಲಿ ಮದುವೆ ಇಲ್ಲ, ರವಿಕೆ ಕಡಿಮೆ. ಆಟಿ ಕಳೆದ ಮೇಲೆ ಜಾಸ್ತಿ ಬರುತ್ತದಂತೆ. ಅವನು ಸದ್ಯಕ್ಕೆ ಎರಡು ಸಣ್ಣ ಅಂಗಡಿಯ ಲೆಕ್ಕ ಮನೆಯಲ್ಲೇ ಬರೆಯುತ್ತಿದ್ದಾನೆ. 5,500 ಹೇಗಾದರೂ ಕೊಡುತ್ತೇವೆ ಅಂದರು. ನಾನು ಕೇಳುವ ಮೊದಲೇ ಅವಳು ಹೇಳಿದ ಅಂಕಿ ಇದು.

ಹೊಸೂರು ಮಂಜು

ಕೇರಳದ ವಿಷಯ ಗೊತ್ತಿರಲಿಲ್ಲ, ಗುಮಾಸ್ತರು ಹೇಳಿದ್ದು ಒಳ್ಳೆಯದಾಯಿತು. ಆದರೂ ಕೇಳುತ್ತೇನೆ. ತಿಂಗಳ 3,000 ಕೊರತೆಯನ್ನು ಅಡ್ವಾನ್ಸಿನಲ್ಲಿ ಮುರಿದರೆ ಯಾರಿಗೂ ನಷ್ಟ ಇಲ್ಲ ಅಲ್ವಾ?

ಪೆರ್ಲದ ಗುಮಾಸ್ತ

ಮುರಿಯಬಹುದು, ಇಬ್ಬರೂ ಒಪ್ಪಿದರೆ ತಪ್ಪಿಲ್ಲ. ಆದರೆ ಅಡ್ವಾನ್ಸು ಇರುವುದು ಕೊನೆಯ ದಿನಕ್ಕೆ. ಗೋಡೆ, ನಲ್ಲಿ, ಕರೆಂಟು ಬಿಲ್ಲು, ಎಲ್ಲ ಆಗ ಅದರಿಂದಲೇ. ಕೈ ಕಟ್ಟಿದಾಗ ಮೊದಲು ನಿಲ್ಲುವುದು ಬಾಡಿಗೆ ಅಲ್ಲ, ಕರೆಂಟು ಬಿಲ್ಲು. ಬಾಡಿಗೆಯನ್ನು ಮುಖ ನೋಡಿ ಕೊಡಬೇಕು, ಬಿಲ್ಲಿಗೆ ಮುಖ ಇಲ್ಲ. ಕೆಎಸ್‌ಇಬಿ ಮನೆ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದು. ಮೀಟರು ನಿಮ್ಮ ಹೆಸರಿನಲ್ಲಿದ್ದು ಬಿಲ್ಲು ಅವರ ಕೈಗೆ ಹೋಗುವುದಾದರೆ ನಿಮಗೆ ಗೊತ್ತಾಗುವಾಗ ತಡವಾಗಿರುತ್ತದೆ. ಗ್ರಾಹಕ ಸಂಖ್ಯೆ ನಿಮ್ಮ ಹತ್ತಿರವೂ ಬರೆದಿಟ್ಟುಕೊಳ್ಳಿ. ಅಡ್ವಾನ್ಸಿಗೆ ಈಗ ಕೈ ಹಾಕಬೇಡಿ, ಮುಂದೆ ಹಾಕಿದ ಹಣಕ್ಕೆ ಅದೇ ಆಧಾರವಾಗಿ ಇರಲಿ.

ನೀರ್ಚಾಲು ಪ್ರಸಾದ

ಸ್ವಿಚ್ಚಿನ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೆ ಕೆಲಸ ನಿಜವಾಗಿ ಹೋಗಿದೆಯಾ ಅಂತ ಏನಾದರೂ ಕಾಗದ ಕೇಳಬೇಡವಾ? ನನಗೆ ಒಬ್ಬರು ಸುಳ್ಳು ಹೇಳಿ ಹೋಗಿದ್ದಾರೆ.

ಕುಂಬಳೆ ಶಾಲಿನಿ

ಮೂರು ವರ್ಷ 5ನೇ ತಾರೀಕು ದಾಟಿಸದವರ ಹತ್ತಿರ ಕಾಗದ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಆ ಮೂರು ವರ್ಷವೇ ಕಾಗದ.

ಪೆರ್ಲದ ಗುಮಾಸ್ತ

ಇದರಲ್ಲಿ ನಾನು ಪ್ರಸಾದರ ಕಡೆ ಸ್ವಲ್ಪ ವಾಲುತ್ತೇನೆ. ಈ ಮನೆಗೆ ಬೇಡ. ಆದರೆ ಬಂದು ಎರಡು ತಿಂಗಳಾದವರು ಕೇಳಿದರೆ ನಾನು ಕೇಳುತ್ತಿದ್ದೆ.

ಹೊಸಂಗಡಿ ಟೀಚರ್

ನಾನು ಕೇಳುವುದಿಲ್ಲ. ಇದು ಹೊಸ ಕರಡು. ತಪ್ಪಿದ್ದರೆ ತಿದ್ದಿ.

"ಪ್ರೀತಿಯ ಮಗನಿಗೆ,

ನೀನು ಕೊಟ್ಟ ಕಾಗದ ಓದಿದೆ. ನಿನ್ನೆ ಮೂವರೂ ಕೂತು ಮಾತಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇಬ್ಬರಿಗೂ ನೆನಪಿಗೆ.

ಜುಲೈ, ಆಗಸ್ಟ್, ಸೆಪ್ಟೆಂಬರ್, ಈ ಮೂರು ತಿಂಗಳು 8,500ರ ಬದಲು 5,500 ಕೊಟ್ಟರೆ ಸಾಕು. ಜುಲೈಯದ್ದು 20ನೇ ತಾರೀಕಿನೊಳಗೆ, ಉಳಿದೆರಡು ಆಯಾ ತಿಂಗಳ 10ರೊಳಗೆ. ಕಡಿಮೆಯಾಗುವ ಒಟ್ಟು 9,000ದಲ್ಲಿ 4,500 ನಾನು ಬಿಟ್ಟಿದ್ದೇನೆ. ಅದನ್ನು ಯಾವತ್ತೂ ಕೇಳುವುದಿಲ್ಲ. ಉಳಿದ 4,500ನ್ನು ನವೆಂಬರಿನಿಂದ ಏಪ್ರಿಲ್ ತನಕ ತಿಂಗಳಿಗೆ 750ರಂತೆ ಬಾಡಿಗೆಯ ಜೊತೆ ಕೊಡು. ಬಡ್ಡಿ ಇಲ್ಲ. ನಡುವೆ ನೀವು ಮನೆ ಬಿಡುವುದಾದರೆ, ಕೊಡಲು ಉಳಿದದ್ದನ್ನು ಅಡ್ವಾನ್ಸಿನಲ್ಲಿ ಕಳೆದು ಬಾಕಿ ಹಣ ಕೊಡುತ್ತೇನೆ.

ಅಕ್ಟೋಬರಿನಿಂದ ಬಾಡಿಗೆ ಮೊದಲಿನ ಹಾಗೆ 8,500. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಸೆಪ್ಟೆಂಬರ್ 20ಕ್ಕೆ ಮೊದಲು ಬಂದು ಹೇಳು, ಮತ್ತೆ ಕೂತು ಮಾತಾಡುವ. ಕರೆಂಟು ಬಿಲ್ಲು ಕಟ್ಟಲು ಆಗದಿದ್ದರೂ ಮೊದಲೇ ಹೇಳು, ಫ್ಯೂಸು ತೆಗೆಯಲು ಬಂದ ಮೇಲೆ ಅಲ್ಲ."

ಉಪ್ಪಳ ಅಂಗಡಿ

"ಯಾವತ್ತೂ ಕೇಳುವುದಿಲ್ಲ" ಅನ್ನುವ ಆ ಸಾಲು ನನಗೆ ಸಿಕ್ಕಿದ್ದಿದ್ದರೆ! ಇದನ್ನು ತೆಗೆದಿಡುತ್ತೇನೆ.

ಪೆರ್ಲದ ಗುಮಾಸ್ತ

ಚೆನ್ನಾಗಿದೆ. ನನ್ನ ತಿದ್ದುಪಡಿ ಸಣ್ಣದು. ಅಗ್ರಿಮೆಂಟು ಮಲಯಾಳದಲ್ಲಿ ಇರಬೇಕು ಅಲ್ವಾ? ಕಾಗದ ಕನ್ನಡದಲ್ಲಿ ಇದ್ದರೆ ತೊಂದರೆ ಇಲ್ಲ, ಇಬ್ಬರಿಗೂ ಓದಲು ಬರುವ ಭಾಷೆಯೇ ಸರಿ. ಆದರೆ ಯಾವ ತಾರೀಕಿನ ಅಗ್ರಿಮೆಂಟು ಅಂತ ಒಂದು ಸಾಲು ಸೇರಿಸಿ. ಅದರ ಉಳಿದ ಷರತ್ತು ಯಾವುದೂ ಬದಲಾಗಿಲ್ಲ ಅಂತಲೂ ಬರೆಯಿರಿ. ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ, ಅವರ ಪ್ರತಿ ಅವರಿಗೆ.

ಅಕ್ಟೋಬರ್ ಕೊನೆಗೆ ಅಗ್ರಿಮೆಂಟು ಹೊಸದು ಮಾಡುವಾಗ 750ರ ಕಂತನ್ನು ಅದರಲ್ಲೂ ಬರೆಸಿ. ಹೊಸ ಅಗ್ರಿಮೆಂಟಿನಲ್ಲಿ ಹಳೆಯ ಬಾಕಿಯ ಸುದ್ದಿ ಇಲ್ಲದಿದ್ದರೆ, ಎಲ್ಲ ತೀರಿದೆ ಅಂತ ವಾದ ಬರಲು ಜಾಗ ಆಗುತ್ತದೆ.

ಹಣ ಬಂದಾಗ ಅದು ಯಾವುದಕ್ಕೆ ಅನ್ನುವುದೂ ಇರಬೇಕು. ಗೂಗಲ್ ಪೇಯಲ್ಲಿ ಕಳಿಸುವಾಗ ಅಲ್ಲೇ "ಆಗಸ್ಟ್ ಬಾಡಿಗೆ" ಅಂತ ಬರೆಯಲು ಹೇಳಿ. ಕೊಡುವವನು ಇಂಥದ್ದಕ್ಕೆ ಅಂತ ಹೇಳಿ ಕೊಟ್ಟದ್ದನ್ನು ತೆಗೆದುಕೊಂಡರೆ ಅದಕ್ಕೇ ಸೇರಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಏನೂ ಹೇಳದೆ ಕೊಟ್ಟರೆ ಸೇರಿಸುವ ಆಯ್ಕೆ ತೆಗೆದುಕೊಂಡವರದ್ದು. ಜಗಳ ಶುರುವಾಗುವುದು ಅಲ್ಲೇ. ನವೆಂಬರಿನಲ್ಲಿ 9,250 ಬಂದರೆ "ಬಾಡಿಗೆ 8,500, ಹಳೆಯದು 750" ಅಂತ ರಶೀದಿ ಬರೆಯಿರಿ.

ಬದಿಯಡ್ಕ ಶ್ರೀಧರ

ಈಗ ಪೂರ್ತಿ ಓದಿದೆ, ತಪ್ಪು ತಿಳಿದದ್ದಕ್ಕೆ ಕ್ಷಮಿಸಿ ಟೀಚರ್. ಒಂದು ಸಂಶಯ. ಆಗಸ್ಟ್ 10ಕ್ಕೆ 5,500 ಕೊಡಲಿಲ್ಲ ಅಂತ ಇಟ್ಟುಕೊಳ್ಳಿ. ಆಗ ಬಿಟ್ಟ 4,500 ಬಿಟ್ಟ ಹಾಗೆಯೇ ಇರುತ್ತದಾ, ಇಲ್ಲ ಪೂರ್ತಿ ಬಾಡಿಗೆ ಕೇಳಬಹುದಾ?

ಪೆರ್ಲದ ಗುಮಾಸ್ತ

ಈ ಕಾಗದದ ಪ್ರಕಾರ ಬಿಟ್ಟ ಹಾಗೆಯೇ. ತಪ್ಪಿದರೆ ರಿಯಾಯಿತಿ ಇಲ್ಲ ಅಂತ ಬೇಕಿದ್ದರೆ ಈಗಲೇ ಬರೆಯಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಹೆಚ್ಚಿನ ವಕೀಲರು ಆ ಸಾಲನ್ನು ಹಾಕಿಸುತ್ತಾರೆ.

ಕುಂಬಳೆ ಶಾಲಿನಿ

ಹಾಕಬೇಡಿ ಟೀಚರ್. ಒಂದು ವಾರ ತಡವಾದರೆ ಎಲ್ಲ ಹೋಯಿತು ಅನ್ನುವ ಹೆದರಿಕೆಯಲ್ಲಿ ಅವಳು ಯಾರ ಹತ್ತಿರವಾದರೂ ಬಡ್ಡಿಗೆ ತಂದು ಕೊಡುತ್ತಾಳೆ.

ನೀರ್ಚಾಲು ಪ್ರಸಾದ

ನಾನಾದರೆ ಹಾಕುತ್ತಿದ್ದೆ. ವಾರದ ಬದಲು ಹದಿನೈದು ದಿನ ಬಿಟ್ಟು ಅಂತ ಬರೆಯಬಹುದು.

ಹೊಸಂಗಡಿ ಟೀಚರ್

ಇವತ್ತು ಸಂಜೆ ಎರಡು ಪ್ರತಿಗೂ ಸಹಿ ಆಯಿತು. ಅಗ್ರಿಮೆಂಟಿನ ತಾರೀಕು ಸೇರಿಸಿದೆ, ರಶೀದಿ ಪುಸ್ತಕ ತಂದೆ. ತಪ್ಪಿದರೆ ರಿಯಾಯಿತಿ ಇಲ್ಲ ಅನ್ನುವ ಸಾಲು ಹಾಕಲಿಲ್ಲ. ಪ್ರಸಾದರು ಹೇಳಿದ್ದು ತಪ್ಪು ಅಂತ ಅಲ್ಲ. ಈ ಮನೆಯವರ ಹತ್ತಿರ ಹಾಗೆ ಬರೆಯಲು ನನ್ನ ಕೈ ಬರಲಿಲ್ಲ.

ಅವನು ಎರಡು ಸಲ ಓದಿದ. "ಬಿಟ್ಟಿದ್ದೇನೆ" ಅಂತ ಇರುವ ಕಡೆ ಬೆರಳಿಟ್ಟು, ಇದನ್ನು ಕೆಲಸ ಸಿಕ್ಕಿದ ಮೇಲೆ ಕೊಡುತ್ತೇನೆ ಟೀಚರ್ ಅಂದ. ಬೇಡ, ಬರೆದ ಹಾಗೇ ಇರಲಿ ಅಂದೆ. ಹೆಂಡತಿ ಕಾಗದವನ್ನು ಹೊಲಿಗೆ ಪುಸ್ತಕದೊಳಗೆ ಇಟ್ಟುಕೊಂಡಳು. ಜುಲೈಯ 5,500ರಲ್ಲಿ 3,000 ಆಗಲೇ ಕೊಟ್ಟಿದ್ದಾರೆ, ಉಳಿದದ್ದು ಶನಿವಾರ ಕೊಡುತ್ತಾರಂತೆ. ಗುಮಾಸ್ತರೇ, ಎರಡು ಸಲವಾಗಿ ಬಂದರೆ ಎರಡು ರಶೀದಿ ಬರೆಯಬೇಕಾ?

ಪೆರ್ಲದ ಗುಮಾಸ್ತ

ಎರಡು ಬರೆಯಿರಿ. ಮೊದಲನೆಯದರಲ್ಲಿ "ಜುಲೈ ಬಾಡಿಗೆ 5,500ರಲ್ಲಿ 3,000" ಅಂತ, ಶನಿವಾರದ್ದರಲ್ಲಿ "ಉಳಿದ 2,500, ಜುಲೈ ಪೂರ್ತಿ ಸಂದಿದೆ" ಅಂತ.